ವರಮಹಾಲಕ್ಷ್ಮಿ ಸೇಲ್ ವಾರಕ್ಕೆ ಎಷ್ಟು ಮೇಲ್ ಕಳಿಸಬೇಕು: ಪಟ್ಟಿ ಕರಗದಂತೆ ಲೆಕ್ಕ ಹಾಕುವ ಕ್ರಮ

ಮಲ್ಲೇಶ್ವರದ ಒಂದು ಸೀರೆ ಅಂಗಡಿಯ ಆನ್‌ಲೈನ್ ವ್ಯಾಪಾರವನ್ನು ನಾನು ಕೆಲವು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ. 2024ರಲ್ಲಿ ವರಮಹಾಲಕ್ಷ್ಮಿ ಹಬ್ಬ ಆಗಸ್ಟ್ 16ರಂದು ಬಂದಿತ್ತು. ಆಗಸ್ಟ್ 8ರಿಂದ ಹಬ್ಬದ ಬೆಳಗಿನವರೆಗೆ ದಿನಕ್ಕೊಂದರಂತೆ ಒಂಬತ್ತು ಮೇಲ್‌ಗಳನ್ನು, ಪಟ್ಟಿಯಲ್ಲಿದ್ದ ಸುಮಾರು 12,000 ಮಂದಿಗೂ ಕಳಿಸಿದೆವು. ಯಾವುದೇ ಒಂದು ಮೇಲ್‌ನಿಂದ ಹೊರಹೋದವರ ಪ್ರಮಾಣ ಶೇ. 0.6ನ್ನೂ ಮುಟ್ಟಲಿಲ್ಲವಾದ್ದರಿಂದ ಪ್ರತಿದಿನ ವರದಿ ನೋಡಿ ‘ಪರವಾಗಿಲ್ಲ’ ಎಂದುಕೊಂಡೆವು. ಹಬ್ಬ ಮುಗಿದ ಮೇಲೆ ಒಂಬತ್ತನ್ನೂ ಕೂಡಿಸಿದಾಗ 339 ಮಂದಿ ಅನ್‌ಸಬ್‌ಸ್ಕ್ರೈಬ್ ಆಗಿದ್ದರು. ನಮ್ಮ ಪಟ್ಟಿಗೆ ತಿಂಗಳಿಗೆ ಹೊಸದಾಗಿ ಸೇರುತ್ತಿದ್ದವರು ಹೆಚ್ಚೆಂದರೆ 150 ಮಂದಿ. ಅಂದರೆ ಎರಡು ತಿಂಗಳಿಗೂ ಮಿಕ್ಕಿದ ಗಳಿಕೆ ಒಂಬತ್ತು ದಿನಗಳಲ್ಲಿ ಹೋಗಿತ್ತು. ಮರುವರ್ಷ ಸಂಖ್ಯೆಯನ್ನು ಹೇಗೆ ನಿರ್ಧರಿಸಿದೆವು ಎಂಬುದನ್ನು ಮುಂದೆ ಕ್ರಮವಾಗಿ ವಿವರಿಸಿದ್ದೇನೆ. ಲೆಕ್ಕ ಹಿಡಿಯಲು ಸುಲಭವಾಗಲೆಂದು ಅಂಕಿಗಳನ್ನು ಅಲ್ಲಲ್ಲಿ ದುಂಡಾಗಿಸಿದ್ದೇನೆ.

ಹಂತ 1: ಕಳೆದ ವರ್ಷದ ಒಂದೊಂದು ಮೇಲ್‌ಗೂ ಒಂದೊಂದು ಸಾಲು ಬರೆಯಿರಿ

ಒಂದು ಹಾಳೆಯಲ್ಲಿ ಪ್ರತಿ ಮೇಲ್‌ಗೂ ಕಳಿಸಿದ ದಿನ, ಎಷ್ಟು ಮಂದಿಗೆ, ಕ್ಲಿಕ್ ಎಷ್ಟು, ಆರ್ಡರ್ ಎಷ್ಟು, ಹೊರಹೋದವರು ಎಷ್ಟು ಎಂಬುದನ್ನು ಬರೆದುಕೊಳ್ಳಿ. ಮೇಲ್ ತೆರೆದವರ ಸಂಖ್ಯೆಯನ್ನು ಬರೆಯಬೇಡಿ. ಆಪಲ್ ಸಂಸ್ಥೆ 2021ರಲ್ಲಿ ತನ್ನ ಮೇಲ್ ಆ್ಯಪ್‌ಗೆ ಖಾಸಗಿತನದ ರಕ್ಷಣೆಯನ್ನು ಸೇರಿಸಿದ ಮೇಲೆ, ಗ್ರಾಹಕರು ಮೇಲ್ ನೋಡಲಿ ಬಿಡಲಿ, ಅದರೊಳಗಿನ ಚಿತ್ರಗಳನ್ನು ಆಪಲ್‌ನ ಸರ್ವರ್‌ಗಳೇ ಮೊದಲು ಇಳಿಸಿಕೊಳ್ಳುತ್ತವೆ. ನಮ್ಮ ವರದಿಯಲ್ಲಿ ಅದು ‘ತೆರೆದಿದ್ದಾರೆ’ ಎಂದೇ ಬೀಳುತ್ತದೆ. ಹೀಗಾಗಿ ಐಫೋನ್ ಬಳಸುವವರು ಹೆಚ್ಚಿರುವ ಪಟ್ಟಿಯಲ್ಲಿ, ಯಾರೂ ಓದದ ಎಂಟನೆಯ ಮೇಲ್ ಕೂಡ ಚೆನ್ನಾಗಿ ಓಡಿದಂತೆ ಕಾಣಬಹುದು.

ನಮ್ಮ ಹಾಳೆಯಲ್ಲಿ ಮೊದಲ ಮೇಲ್‌ಗೆ 41 ಆರ್ಡರ್ ಬಂದು 18 ಮಂದಿ ಹೊರಹೋಗಿದ್ದರು. ನಾಲ್ಕನೆಯದಕ್ಕೆ 29 ಆರ್ಡರ್, 31 ಮಂದಿ. ಆರನೆಯದಕ್ಕೆ 11 ಆರ್ಡರ್, 44 ಮಂದಿ. ಎಂಟನೆಯದಕ್ಕೆ ಬರೀ 6 ಆರ್ಡರ್, ಹೊರಹೋದವರು 61. ಆರ್ಡರ್ ಇಳಿಯುತ್ತ ಹೋದಂತೆ ನಿರ್ಗಮನ ಏರುತ್ತಿರುವುದು ಇಲ್ಲಿ ಕಣ್ಣಿಗೆ ರಾಚುತ್ತದೆ. ಆದರೆ ದಿನದ ವರದಿಯಲ್ಲಿ ಒಂದೊಂದೇ ಸಾಲು ಬಂದಾಗ ಅದು ಕಾಣುವುದಿಲ್ಲ.

ಹಂತ 2: ಹೊರಹೋದ ಒಬ್ಬರ ಬೆಲೆ ಕಟ್ಟಿರಿ

ಇದೇ ಇಡೀ ಕ್ರಮದ ತಿರುಳು. ಹೊರಹೋದವರಿಗೆ ರೂಪಾಯಿಯ ಬೆಲೆ ಕಟ್ಟದಿದ್ದರೆ, ಇನ್ನೊಂದು ಮೇಲ್ ಕಳಿಸಲು ಯಾವಾಗಲೂ ಕಾರಣ ಸಿಗುತ್ತದೆ, ಏಕೆಂದರೆ ಆರ್ಡರ್ ಇಂದೇ ಕಾಣುತ್ತದೆ, ನಷ್ಟ ಮುಂದಿನ ವರ್ಷದವರೆಗೂ ಕಾಣುವುದಿಲ್ಲ.

ನಾವು ಹಾಕಿದ ಲೆಕ್ಕ ಹೀಗಿತ್ತು. ಹಿಂದಿನ 12 ತಿಂಗಳಲ್ಲಿ ಮೇಲ್‌ನ ಕ್ಲಿಕ್‌ನಿಂದ 900 ಆರ್ಡರ್ ಬಂದಿದ್ದವು. ಸೀರೆಯ ಕೊಂಡ ಬೆಲೆ, ಪ್ಯಾಕಿಂಗ್, ಕೊರಿಯರ್, ರಿಟರ್ನ್ ಎಲ್ಲ ಕಳೆದು ಒಂದು ಆರ್ಡರ್‌ಗೆ ಸರಾಸರಿ 450 ರೂ. ಉಳಿದಿತ್ತು. ಒಟ್ಟು 4,05,000 ರೂ.ಗಳನ್ನು 12,000 ಮಂದಿಗೆ ಹಂಚಿದರೆ ತಲೆಗೆ ವರ್ಷಕ್ಕೆ ಸುಮಾರು 34 ರೂ. ನಮ್ಮ ಪಟ್ಟಿಯಲ್ಲಿ ಒಬ್ಬರು ಸಾಮಾನ್ಯವಾಗಿ ಎರಡು ವರ್ಷ ಉಳಿಯುತ್ತಾರೆ. ಆದ್ದರಿಂದ ಒಬ್ಬರ ಬೆಲೆಯನ್ನು 70 ರೂ. ಎಂದು ಇಟ್ಟುಕೊಂಡೆವು.

ಈಗ ಆರನೆಯ ಮೇಲ್ ನೋಡಿ. 11 ಆರ್ಡರ್‌ಗೆ 4,950 ರೂ. ಬಂತು; 44 ಮಂದಿಗೆ 3,080 ರೂ. ಹೋಯಿತು. ಲಾಭವೇ. ಎಂಟನೆಯದರಲ್ಲಿ ಬಂದದ್ದು 2,700, ಹೋದದ್ದು 4,270 ರೂ. ಇದು ಸ್ಪಷ್ಟ ನಷ್ಟ. ಮೇಲ್ನೋಟಕ್ಕೆ ಉತ್ತರ ‘ಆರು’ ಎಂದಾಯಿತು.

ಆದರೆ ಇಲ್ಲಿ ಒಂದು ಮೋಸವಿದೆ. ವಾರದ ಕೊನೆಯಲ್ಲಿ ಬಂದ ಆರ್ಡರ್‌ಗಳೆಲ್ಲ ಆ ಮೇಲ್‌ನಿಂದಲೇ ಬಂದವಲ್ಲ. ಹಬ್ಬಕ್ಕೆ ಸೀರೆ ಕೊಳ್ಳಲು ಮೊದಲೇ ತೀರ್ಮಾನಿಸಿದ್ದವರು ಇನ್‌ಬಾಕ್ಸ್‌ನಲ್ಲಿ ಮೇಲಿದ್ದ ಮೇಲ್ ಒತ್ತಿ ಒಳಗೆ ಬಂದಿರುತ್ತಾರೆ. ಅದು ಇಲ್ಲದಿದ್ದರೆ ಹಿಂದಿನ ದಿನದ್ದನ್ನು ಒತ್ತುತ್ತಿದ್ದರು. ಎಷ್ಟು ಎಂದು ತಿಳಿಯಲು ಪರೀಕ್ಷೆ ಬೇಕು, ಅದು ಐದನೆಯ ಹಂತದಲ್ಲಿದೆ. ಅದು ಸಿಗುವವರೆಗೆ ನಾಲ್ಕನೆಯ ಮೇಲ್‌ನ ನಂತರದ ಆರ್ಡರ್‌ಗಳನ್ನು ಅರ್ಧಕ್ಕೆ ಎಣಿಸುವುದು ನನ್ನ ಪದ್ಧತಿ. ಹಾಗೆ ಎಣಿಸಿದಾಗ ಆರನೆಯದೂ ನಷ್ಟಕ್ಕೆ ಇಳಿದು, ಐದನೆಯದು ಮಾತ್ರ ಕೂದಲೆಳೆಯಲ್ಲಿ ಲಾಭದಲ್ಲಿ ಉಳಿಯಿತು. ನಮ್ಮ ಮೇಲ್ಮಿತಿ ಐದು ಎಂದು ನಿಂತಿತು. ನಿಮ್ಮ ವ್ಯಾಪಾರದ್ದು ಮೂರಾಗಬಹುದು, ಏಳಾಗಬಹುದು; ನಮ್ಮ ಐದನ್ನು ಎತ್ತಿಕೊಂಡು ಹೋಗಬೇಡಿ.

ಇನ್ನೊಂದು ಮಾತು. ಹೊರಹೋದವರ ಹೆಸರನ್ನು ಆರ್ಡರ್ ಪಟ್ಟಿಯ ಜೊತೆ ತಾಳೆ ನೋಡಿ. ಕೊನೆಯ ಮೂರು ಮೇಲ್‌ಗಳಲ್ಲಿ ಹೊರಹೋದ 160 ಮಂದಿಯಲ್ಲಿ 46 ಮಂದಿ ಅದೇ ವರ್ಷ ನಮ್ಮಲ್ಲಿ ಸೀರೆ ಕೊಂಡವರು. ಅವರಿಗೂ 70 ರೂ. ಬೆಲೆ ಕಟ್ಟುವುದು ನಮ್ಮನ್ನು ನಾವೇ ಸಮಾಧಾನಪಡಿಸಿಕೊಂಡಂತೆ. ಏಕೆ ಹೋದರು ಎಂಬುದು ಒಬ್ಬ ಗ್ರಾಹಕಿಯ ಫೋನ್‌ನಿಂದ ಗೊತ್ತಾಯಿತು: “ಏನ್ರೀ ಇದು, ಶನಿವಾರ ತಗೊಂಡಿದ್ದೀನಿ, ಬುಧವಾರ ಅದೇ ಸೀರೆಗೆ ಇನ್ನೂ ಐನೂರು ಕಮ್ಮಿ ಅಂತ ನನಗೇ ಮೇಲ್ ಹಾಕ್ತೀರಲ್ಲ!” ನಮ್ಮ ಬಳಿ ಉತ್ತರವಿರಲಿಲ್ಲ.

ಹಂತ 3: ಕ್ಯಾಲೆಂಡರ್‌ನಿಂದ ಕಾರಣಗಳನ್ನು ಆಯ್ದುಕೊಳ್ಳಿ

ಮೇಲ್ಮಿತಿ ಗೊತ್ತಾದ ಮೇಲೆ, ಅಷ್ಟನ್ನೂ ತುಂಬಲೇಬೇಕೆಂದಿಲ್ಲ. ಗ್ರಾಹಕರ ಮನೆಯ ಹಬ್ಬದ ತಯಾರಿಯಲ್ಲಿ ಯಾವ ದಿನ ಯಾವ ತೀರ್ಮಾನ ಆಗುತ್ತದೋ ಅದನ್ನು ನೋಡಿ ಮೇಲ್ ಇಡಬೇಕು. ಸೀರೆಯ ವ್ಯಾಪಾರದಲ್ಲಿ ಇದು ಬಹಳ ಸ್ಪಷ್ಟ. ಬ್ಲೌಸ್ ಹೊಲಿಸಬೇಕಾದವರಿಗೆ ಕನಿಷ್ಠ ಒಂದು ವಾರ ಬೇಕು. ಶ್ರಾವಣದಲ್ಲಿ ಟೈಲರ್‌ಗಳು ಅದಕ್ಕೂ ಒಪ್ಪುವುದಿಲ್ಲ. ಫಾಲ್, ಪಿಕೋ ಮಾಡಿಸಲು ಎರಡು ದಿನ. ಹುಬ್ಬಳ್ಳಿಗೆ, ಮಂಗಳೂರಿಗೆ ಪಾರ್ಸಲ್ ಹೋಗಲು ಮೂರು ನಾಲ್ಕು ದಿನ. ಗುರುವಾರ ಬೆಳಿಗ್ಗೆ ಕೆ.ಆರ್. ಮಾರ್ಕೆಟ್‌ನಲ್ಲಿ ಹೂವು, ಬಾಳೆಕಂದು ತರಲು ನಿಂತವರು ಮೊಬೈಲ್‌ನಲ್ಲಿ ಸೀರೆ ನೋಡುವುದಿಲ್ಲ.

2025ರಲ್ಲಿ ಹಬ್ಬ ಆಗಸ್ಟ್ 8ರ ಶುಕ್ರವಾರ. ಅದರಿಂದ ಹಿಂದಕ್ಕೆ ಎಣಿಸಿ ಹೀಗೆ ಇಟ್ಟೆವು. ಜುಲೈ 31ರ ಗುರುವಾರ ಮೊದಲ ಮೇಲ್: ನಮ್ಮ ಟೈಲರ್‌ನಿಂದ ಬ್ಲೌಸ್ ಹೊಲಿಸಿಕೊಡಲು ಮರುದಿನವೇ ಕೊನೆ. ಆಗಸ್ಟ್ 2ರ ಶನಿವಾರ ರಿಯಾಯಿತಿಯ ಪೂರ್ತಿ ಪಟ್ಟಿ. ಸೋಮವಾರ, ಬೆಂಗಳೂರಿನ ಹೊರಗೆ ಕಳಿಸಲು ಮತ್ತು ಫಾಲ್, ಪಿಕೋ ಮಾಡಿಸಲು ಕೊನೆಯ ದಿನ. ಬುಧವಾರ, ಬೆಂಗಳೂರಿನೊಳಗೆ ಮರುದಿನ ತಲುಪುವ, ಫಾಲ್ ಹಾಕಿ ಸಿದ್ಧವಾಗಿರುವ ಸೀರೆಗಳು ಮಾತ್ರ. ಗುರುವಾರ ಮಧ್ಯಾಹ್ನ, ಅಂಗಡಿ ರಾತ್ರಿ ಒಂಬತ್ತೂವರೆವರೆಗೆ ತೆರೆದಿರುತ್ತದೆ ಎಂಬ ಎರಡು ಸಾಲು. ಹಬ್ಬದ ದಿನ ಏನೂ ಇಲ್ಲ. ಕೊನೆಯ ಎರಡು ಮೇಲ್‌ಗಳು ಬೆಂಗಳೂರಿನ ಪಿನ್‌ಕೋಡ್ ಇದ್ದವರಿಗೆ ಮಾತ್ರ ಹೋದವು. ಪಿನ್‌ಕೋಡ್ ಗೊತ್ತಿಲ್ಲದವರನ್ನು ಹೊರಗಿನವರೆಂದೇ ಎಣಿಸಿದೆವು. ಹೀಗಾಗಿ ಹೊರಗಿನವರಿಗೆ ಮೂರೇ ಆಯಿತು. ‘ಬೇಗ ಕೊಳ್ಳಿ’ ಎಂದು ಹೇಳುವುದಕ್ಕೆ ಸೀರೆ ತಲುಪುವ ದಿನವನ್ನು ಬಿಟ್ಟು ಬೇರೆ ನೆಪ ಹುಡುಕಬೇಕಾದರೆ, ಆ ಮೇಲ್ ಬೇಡವೆಂದೇ ಅರ್ಥ.

ಬೆಲೆಯನ್ನು ವಾರದ ನಡುವೆ ಇಳಿಸುವುದನ್ನೂ ಬಿಟ್ಟೆವು. ಮೊದಲ ದಿನದ ರಿಯಾಯಿತಿಯೇ ಕೊನೆಯ ದಿನಕ್ಕೂ.

ಹಂತ 4: ಪಟ್ಟಿಯನ್ನು ಮೂರು ಪಾಲು ಮಾಡಿ

ಒಂದೇ ಸಂಖ್ಯೆ ಎಲ್ಲರಿಗೂ ಹೊಂದುವುದಿಲ್ಲ. ನಾವು ಕೊನೆಯ ಕ್ಲಿಕ್ ಅಥವಾ ಖರೀದಿ ಯಾವಾಗ ಆಗಿತ್ತು ಎಂಬುದನ್ನು ಮಾತ್ರ ನೋಡಿ ವಿಂಗಡಿಸಿದೆವು. 90 ದಿನಗಳೊಳಗೆ ಕ್ಲಿಕ್ ಮಾಡಿದವರು ಅಥವಾ ಕೊಂಡವರು 2,600 ಮಂದಿ. ಇವರಲ್ಲಿ ಬೆಂಗಳೂರಿನವರಿಗೆ ಐದೂ ಮೇಲ್, ಹೊರಗಿನವರಿಗೆ ಮೂರು. 90 ದಿನ ದಾಟಿ ಒಂದು ವರ್ಷದೊಳಗಿನವರು 5,200 ಮಂದಿ, ಇವರಿಗೆ ಮೂರು. ವರ್ಷದಿಂದ ಏನನ್ನೂ ಮುಟ್ಟದ 4,200 ಮಂದಿಗೆ ಮೊದಲ ಮೇಲ್ ಒಂದೇ, ಅದನ್ನೂ ಮೂರು ದಿನಗಳಲ್ಲಿ ಹಂಚಿ.

ಈ ಮೂರನೆಯ ಪಾಲಿನ ವಿಷಯದಲ್ಲಿ ಹಲವರು ಎಡವುತ್ತಾರೆ. ಇವರಲ್ಲಿ ಅನ್‌ಸಬ್‌ಸ್ಕ್ರೈಬ್ ಪ್ರಮಾಣ ಬಹಳ ಕಡಿಮೆ ಇರುತ್ತದೆ, ಆದ್ದರಿಂದ ‘ಇವರಿಗೇನೂ ಬೇಸರವಿಲ್ಲ, ಕಳಿಸೋಣ’ ಎನಿಸುತ್ತದೆ. ಬೇಸರವಿಲ್ಲವೆಂದಲ್ಲ, ಕೆಳಗಿಳಿದು ಲಿಂಕ್ ಹುಡುಕುವಷ್ಟೂ ಆಸಕ್ತಿಯಿಲ್ಲ. ಸುಮ್ಮನೆ ಬಿಡುತ್ತಾರೆ, ಅಥವಾ ಸ್ಪ್ಯಾಮ್ ಗುಂಡಿ ಒತ್ತುತ್ತಾರೆ. ಎರಡನೆಯದು ಉಳಿದವರಿಗೂ ತಟ್ಟುತ್ತದೆ. ಜಿಮೇಲ್ 2024ರ ಫೆಬ್ರವರಿಯಿಂದ, ದಿನಕ್ಕೆ ಸುಮಾರು 5,000 ಅಥವಾ ಹೆಚ್ಚು ಮೇಲ್‌ಗಳನ್ನು ಜಿಮೇಲ್ ವಿಳಾಸಗಳಿಗೆ ಕಳಿಸುವವರಿಗೆ ನಿಯಮಗಳನ್ನು ಬಿಗಿ ಮಾಡಿದೆ: ಸ್ಪ್ಯಾಮ್ ಎಂದು ಗುರುತಾಗುವ ಪ್ರಮಾಣ ಶೇ. 0.1ಕ್ಕಿಂತ ಕೆಳಗಿರಬೇಕು, ಶೇ. 0.3 ಮುಟ್ಟಲೇಬಾರದು. ಹಬ್ಬದ ಒಂದು ದಿನ ಆ 5,000ದ ಗೆರೆ ದಾಟಿದರೂ ಮುಂದೆ ಸದಾ ಆ ವರ್ಗದಲ್ಲೇ ಎಣಿಸಲ್ಪಡುತ್ತೀರಿ. ವಾರಕ್ಕೊಂದು ಮೇಲ್ ಕಳಿಸುತ್ತಿದ್ದ ವಿಳಾಸದಿಂದ ಏಕಾಏಕಿ ದಿನಾಲೂ ಹನ್ನೆರಡು ಸಾವಿರ ಹೊರಟರೆ, ನಿತ್ಯ ಓದುವವರ ಮೇಲ್ ಕೂಡ ಸ್ಪ್ಯಾಮ್‌ಗೆ ಬೀಳುವ ಸಾಧ್ಯತೆಯಿದೆ.

ಪಾಲು ಮಾಡಿದ ಮೇಲೆ ಎರಡು ತಡೆಗಳನ್ನು ಹಾಕಿ. ಮೊದಲನೆಯದು, ಸೇಲ್‌ನಲ್ಲಿ ಒಮ್ಮೆ ಕೊಂಡವರು ಆ ಕ್ಷಣದಿಂದ ಉಳಿದ ಪ್ರಚಾರದ ಮೇಲ್‌ಗಳಿಂದ ಹೊರಗೆ. ಅವರಿಗೆ ಹೋಗಬೇಕಾದದ್ದು ಆರ್ಡರ್ ಮತ್ತು ಪಾರ್ಸಲ್‌ನ ಮಾಹಿತಿ ಮಾತ್ರ. ಎರಡನೆಯದು, ತಾನಾಗಿ ಹೋಗುವ ಮೇಲ್‌ಗಳನ್ನೂ ಎಣಿಕೆಗೆ ಸೇರಿಸಿ. ನಮ್ಮಲ್ಲಿ ‘ಕಾರ್ಟ್‌ನಲ್ಲಿ ಸೀರೆ ಬಿಟ್ಟಿದ್ದೀರಿ’ ಎಂಬ ನೆನಪಿನ ಮೇಲ್ ಎರಡು ಬಾರಿ ಹೋಗುತ್ತಿತ್ತು, ಹೊಸದಾಗಿ ಸೇರಿದವರಿಗೆ ಸ್ವಾಗತದ ಮೂರು ಮೇಲ್ ಬೇರೆ. 2024ರ ಸೇಲ್‌ನ ಒಂದು ದಿನ ನನ್ನದೇ ಪರೀಕ್ಷೆಯ ವಿಳಾಸಕ್ಕೆ ಬೆಳಿಗ್ಗೆ ಹತ್ತರಿಂದ ಸಂಜೆ ಆರರೊಳಗೆ ನಾಲ್ಕು ಮೇಲ್ ಬಂದಿದ್ದವು, ನಾಲ್ಕೂ ನಾವೇ ಕಳಿಸಿದವು. ಮೇಲ್ ಕಳಿಸುವ ಸಾಧನಗಳಲ್ಲಿ ಹಲವಕ್ಕೆ ಒಬ್ಬರಿಗೆ ಇಷ್ಟು ದಿನದಲ್ಲಿ ಇಷ್ಟೇ ಎಂದು ಮಿತಿ ಹಾಕುವ ಸೌಲಭ್ಯವಿದೆ. ದಿನಕ್ಕೆ ಒಂದು, ಏಳು ದಿನಕ್ಕೆ ಐದು ಎಂದು ಹಾಕಿ, ಕಾರ್ಟ್‌ನ ನೆನಪಿಗೆ ಮೊದಲ ಆದ್ಯತೆ ಕೊಟ್ಟೆವು. ಸೌಲಭ್ಯವಿಲ್ಲದಿದ್ದರೆ ಆ ವಾರ ಸ್ವಾಗತದ ಮೇಲ್‌ಗಳನ್ನು ನಿಲ್ಲಿಸಿಬಿಡುವುದೇ ಸುಲಭ.

ಹಂತ 5: ಒಂದು ಪಾಲಿನಲ್ಲಿ ಪರೀಕ್ಷೆ ಇಡಿ

ಪರೀಕ್ಷೆಯನ್ನು ಒಂದು ಮೇಲ್‌ನ ಮೇಲಲ್ಲ, ಇಡೀ ವಾರದ ಮೇಲೆ ಇಡಬೇಕು. ಮಧ್ಯದ ಪಾಲಿನಲ್ಲಿ ಬೆಂಗಳೂರಿನವರು 3,600 ಮಂದಿ ಇದ್ದರು. ಅವರನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಎರಡು ಮಾಡಿ, 1,800 ಮಂದಿಗೆ ಮೂರು ಮೇಲ್, ಇನ್ನುಳಿದ 1,800 ಮಂದಿಗೆ ಐದು ಕಳಿಸಿದೆವು. ಊರು, ಸೇರಿದ ದಿನಾಂಕ, ಹೆಸರಿನ ಅಕ್ಷರ ಇಂಥವುಗಳ ಮೇಲೆ ಭಾಗ ಮಾಡಬಾರದು; ಹಾಗೆ ಮಾಡಿದರೆ ಎರಡು ಗುಂಪುಗಳು ಮೊದಲೇ ಬೇರೆ ಬೇರೆ ಬಗೆಯವರಾಗಿರುವ ಅಪಾಯವಿದೆ.

ಮೂರು ಪಡೆದವರಲ್ಲಿ 15 ಆರ್ಡರ್ ಬಂದು 20 ಮಂದಿ ಹೊರಹೋದರು. ಐದು ಪಡೆದವರಲ್ಲಿ 17 ಆರ್ಡರ್, 43 ಮಂದಿ ಹೊರಗೆ. ಇದನ್ನು ಓದುವಾಗ ಎಚ್ಚರ ಬೇಕು. 15 ಮತ್ತು 17ರ ನಡುವಿನ ವ್ಯತ್ಯಾಸ ಬರೀ ಆಕಸ್ಮಿಕವಿರಬಹುದು. ಅದರಿಂದ ‘ಐದರಲ್ಲಿ ಮಾರಾಟ ಹೆಚ್ಚು’ ಎಂದಾಗಲೀ ‘ಮಾರಾಟ ಹೆಚ್ಚಲೇ ಇಲ್ಲ’ ಎಂದಾಗಲೀ ಹೇಳಲಾಗದು. ಆದರೆ 20 ಮತ್ತು 43ರ ಅಂತರ ಅಷ್ಟು ಸುಲಭವಾಗಿ ಆಕಸ್ಮಿಕವೆನಿಸುವುದಿಲ್ಲ. ಎರಡು ಆರ್ಡರ್‌ನ 900 ರೂ. ನಿಜವೆಂದೇ ಒಪ್ಪಿದರೂ 23 ಮಂದಿಯ 1,610 ರೂ. ಅದಕ್ಕಿಂತ ಹೆಚ್ಚು. ಈ ಪಾಲಿಗೆ ಮೂರು ಎಂಬುದು ಹೀಗೆ ಗಟ್ಟಿಯಾಯಿತು. ಪಟ್ಟಿ ಎರಡು ಮೂರು ಸಾವಿರದ್ದೇ ಆದರೆ ಇಂಥ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ. ಅಂಥವರು ಎರಡನೆಯ ಹಂತದ ಲೆಕ್ಕದಲ್ಲೇ ನಿಲ್ಲುವುದು ಒಳ್ಳೆಯದು.

ಹಂತ 6: ಹೊರಹೋಗುವ ದಾರಿಯ ಪಕ್ಕದಲ್ಲಿ ಇನ್ನೊಂದು ದಾರಿ

ಮೊದಲ ಮೇಲ್‌ನ ಮೇಲ್ಭಾಗದಲ್ಲೇ “ಈ ಹಬ್ಬಕ್ಕೆ ಸೀರೆ ಬೇಡವೇ? ಆಗಸ್ಟ್ 8ರವರೆಗೆ ಮೇಲ್ ನಿಲ್ಲಿಸುತ್ತೇವೆ” ಎಂಬ ಒಂದು ಸಾಲು ಮತ್ತು ಲಿಂಕ್ ಕೊಟ್ಟೆವು. ಲಿಂಕ್ ತೆರೆದಾಗ ಬರುವ ಪುಟದಲ್ಲಿ ‘ನಿಲ್ಲಿಸಿ’ ಎಂಬ ಗುಂಡಿ ಇರಲಿ. ಲಿಂಕ್ ಮುಟ್ಟಿದ ಮಾತ್ರಕ್ಕೆ ನಿಲ್ಲುವಂತೆ ಮಾಡಿದರೆ, ಕಚೇರಿಗಳ ಮೇಲ್ ಭದ್ರತಾ ತಂತ್ರಾಂಶಗಳು ಪ್ರತಿ ಲಿಂಕನ್ನೂ ತಾವೇ ತೆರೆದು ಪರೀಕ್ಷಿಸುವುದರಿಂದ, ಕೇಳದವರಿಗೂ ಮೇಲ್ ನಿಂತುಹೋಗುತ್ತದೆ. ಐಟಿ ಕಂಪನಿಗಳ ವಿಳಾಸ ಕೊಟ್ಟವರು ತುಂಬಿರುವ ಬೆಂಗಳೂರಿನ ಪಟ್ಟಿಯಲ್ಲಿ ಇದು ಸಣ್ಣ ವಿಷಯವಲ್ಲ.

ಇದು ಪೂರ್ತಿ ಹೊರಹೋಗುವ ದಾರಿಗೆ ಅಡ್ಡ ಬರಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ಹಿಂಪಡೆಯುವುದೂ ಅಷ್ಟೇ ಸುಲಭವಾಗಿರಬೇಕು. ಜಿಮೇಲ್ ಕೂಡ ದೊಡ್ಡ ಪ್ರಮಾಣದಲ್ಲಿ ಕಳಿಸುವವರ ಪ್ರಚಾರದ ಮೇಲ್‌ಗಳಲ್ಲಿ ಒಂದೇ ಒತ್ತಿಗೆ ಹೊರಹೋಗುವ ವ್ಯವಸ್ಥೆ ಕೇಳುತ್ತದೆ, ಕೋರಿಕೆಯನ್ನು ಎರಡು ದಿನದೊಳಗೆ ಜಾರಿ ಮಾಡಬೇಕೆನ್ನುತ್ತದೆ. ನಿಮ್ಮ ಮೇಲ್‌ನ ಮೂಲ ರೂಪದಲ್ಲಿ ಈ ಎರಡು ಸಾಲುಗಳಿವೆಯೇ ನೋಡಿ. ವಿಳಾಸದ ಭಾಗ ಮಾತ್ರ ಬೇರೆ ಇರುತ್ತದೆ.

```
List-Unsubscribe: <https://example.com/u/abc123>
List-Unsubscribe-Post: List-Unsubscribe=One-Click
```

2025ರ ಜುಲೈನಲ್ಲಿ ಜಿಮೇಲ್ `Manage subscriptions` ಎಂಬ ಪುಟವನ್ನೂ ತಂದಿತು. ಅದರಲ್ಲಿ ಯಾರು ಹೆಚ್ಚು ಮೇಲ್ ಕಳಿಸುತ್ತಾರೋ ಅವರ ಹೆಸರು ಮೇಲೆ, ಇತ್ತೀಚೆಗೆ ಎಷ್ಟು ಕಳಿಸಿದ್ದಾರೆಂಬ ಸಂಖ್ಯೆಯೊಂದಿಗೆ ಕಾಣುತ್ತದೆ. ಆ ಪಟ್ಟಿಯ ತುದಿಗೆ ಏರುವ ಸ್ಪರ್ಧೆ ನಮಗೆ ಬೇಕಿಲ್ಲ.

ಹಂತ 7: ವಾರದ ನಡುವೆ ಎಲ್ಲಿ ನಿಲ್ಲಿಸಬೇಕೆಂದು ಮೊದಲೇ ಬರೆದಿಡಿ

ಸೇಲ್ ನಡೆಯುವಾಗ ಯಾರಿಗೂ ನಿಲ್ಲಿಸುವ ಮನಸ್ಸು ಬರುವುದಿಲ್ಲ. ಆದ್ದರಿಂದ ನಿಯಮವನ್ನು ಜುಲೈನಲ್ಲೇ ಬರೆದು ಯಜಮಾನರಿಂದ ಒಪ್ಪಿಗೆ ಪಡೆದಿದ್ದೆ: ಮೇಲ್ ಹೋಗಿ 24 ಗಂಟೆಯಲ್ಲಿ ಯಾವುದೇ ಪಾಲಿನಲ್ಲಿ ಹೊರಹೋದವರು ಆ ಪಾಲಿನ ಮಾಮೂಲಿ ಪ್ರಮಾಣದ ಎರಡರಷ್ಟು ದಾಟಿದರೆ, ಆ ಪಾಲಿಗೆ ಮುಂದಿನ ಮೇಲ್ ಇಲ್ಲ. 90 ದಿನಗಳೊಳಗಿನ 2,600 ಮಂದಿಯಲ್ಲಿ ಮಾಮೂಲು 5. ಹಾಗಾಗಿ ಗೆರೆ 10ಕ್ಕೆ. ನಾಲ್ಕನೆಯ ಮೇಲ್‌ನಲ್ಲಿ 9ಕ್ಕೆ ಬಂದು ನಿಂತಿತು, ಐದನೆಯದು ಹೋಯಿತು.

ಗೂಗಲ್‌ನ ಪೋಸ್ಟ್‌ಮಾಸ್ಟರ್ ಟೂಲ್ಸ್‌ನಲ್ಲಿ ಸ್ಪ್ಯಾಮ್ ಪ್ರಮಾಣ ಸಿಗುತ್ತದೆ, ಆದರೆ ಅದು ತಡವಾಗಿ ಬರುತ್ತದೆ, ಕಳಿಸಿದ ಪ್ರಮಾಣ ಕಡಿಮೆಯಿದ್ದ ದಿನ ಏನನ್ನೂ ತೋರಿಸದಿರಬಹುದು. ಜೊತೆಗೆ ಮೇಲ್‌ಗಳು ನೇರವಾಗಿ ಸ್ಪ್ಯಾಮ್‌ಗೇ ಬೀಳುತ್ತಿದ್ದರೆ, ಅವನ್ನು ಸ್ಪ್ಯಾಮ್ ಎಂದು ಗುರುತಿಸುವವರೇ ಇರುವುದಿಲ್ಲವಾದ್ದರಿಂದ ಆ ಪ್ರಮಾಣ ಕಡಿಮೆಯಾಗಿಯೇ ಕಾಣುತ್ತದೆ. ಸ್ಪ್ಯಾಮ್ ಪ್ರಮಾಣ ಚೆನ್ನಾಗಿದ್ದು ಜಿಮೇಲ್ ವಿಳಾಸಗಳ ಕ್ಲಿಕ್ ಮಾತ್ರ ದಿಢೀರನೆ ಕುಸಿದಿದ್ದರೆ ಈ ಅನುಮಾನ ಪಡಬೇಕು.

ಹಂತ 8: ಲೆಕ್ಕವನ್ನು ಮೂರು ವಾರ ತೆರೆದಿಡಿ

2025ರ ವಾರದಲ್ಲಿ ನಮಗೆ ಬಂದ ಆರ್ಡರ್ 149, ಹೊರಹೋದವರು 127. ಹಿಂದಿನ ವರ್ಷ ಅವು 172 ಮತ್ತು 339. ಯಜಮಾನರು ಮೊದಲು ಕೇಳಿದ್ದು ಕಡಿಮೆಯಾದ 23 ಆರ್ಡರ್‌ಗಳ ಬಗ್ಗೆಯೇ, ಅದು ಸಹಜ. 10,350 ರೂ. ಕಡಿಮೆ ಬಂದಿದೆ, 212 ಮಂದಿಯ 14,840 ರೂ. ಉಳಿದಿದೆ ಎಂದು ಹಾಳೆ ತೋರಿಸಿದೆ. ಎರಡು ವರ್ಷಗಳ ವ್ಯಾಪಾರ ಒಂದೇ ತರಹ ಇರುವುದಿಲ್ಲವಾದ್ದರಿಂದ ಇಡೀ ವ್ಯತ್ಯಾಸವನ್ನು ಮೇಲ್‌ಗಳ ಸಂಖ್ಯೆಗೇ ಹಚ್ಚಲಾಗದೆಂಬುದನ್ನೂ ಹೇಳಿದೆ. ನಾನು ಹೆಚ್ಚು ನಂಬುವುದು ಐದನೆಯ ಹಂತದ ಪರೀಕ್ಷೆಯನ್ನು.

ಹಬ್ಬದ ಮರುದಿನವೇ ಹಾಳೆ ಮುಚ್ಚಬೇಡಿ. ಸೇಲ್‌ನಲ್ಲಿ ಬೇಸತ್ತವರು ಎಷ್ಟೋ ಬಾರಿ ಅದರ ನಂತರದ ಮೊದಲ ಮೇಲ್‌ಗೆ ಹೊರಹೋಗುತ್ತಾರೆ, ಆಗ ತಪ್ಪು ಆ ಬಡಪಾಯಿ ಮೇಲ್‌ನದೆನಿಸುತ್ತದೆ. 2025ರಲ್ಲಿ ವರಮಹಾಲಕ್ಷ್ಮಿಯಾದ ಒಂದು ವಾರಕ್ಕೆ ಸ್ವಾತಂತ್ರ್ಯ ದಿನ, ಆಗಸ್ಟ್ 26ಕ್ಕೆ ಗೌರಿ, 27ಕ್ಕೆ ಗಣೇಶ. ಇಪ್ಪತ್ತು ದಿನಗಳಲ್ಲಿ ಮೂರು ಸೇಲ್ ಮಾಡುವ ಅವಕಾಶವಿದೆ ಎಂದರೆ, ಒಬ್ಬರ ಇನ್‌ಬಾಕ್ಸ್‌ಗೆ ಹದಿನೈದು ಮೇಲ್ ಬೀಳುವ ಸಂಭವವಿದೆ ಎಂದೇ ಅರ್ಥ. ಅದಕ್ಕಾಗಿ ಏಳು ದಿನದ ಮಿತಿಯ ಜೊತೆಗೆ 30 ದಿನಕ್ಕೆ ಎಂಟು ಎಂಬ ಇನ್ನೊಂದು ಮಿತಿ ಹಾಕಿದ್ದೆವು. 90 ದಿನಗಳೊಳಗಿನ ಪಾಲಿನ ಬೆಂಗಳೂರಿನವರು ಐದನ್ನು ಆಗಲೇ ಪಡೆದಿದ್ದರಿಂದ ಉಳಿದದ್ದು ಮೂರು. ಆಗಸ್ಟ್ 15ರ ಸೇಲ್ ಅನ್ನು ಮೇಲ್‌ನಲ್ಲಿ ಹೇಳದೆ ವೆಬ್‌ಸೈಟ್‌ನ ಮುಖಪುಟಕ್ಕೆ ಬಿಟ್ಟು, ಮೂರನ್ನೂ ಗೌರಿ ಬಾಗಿನದ ಸೀರೆಗಳಿಗೆ ಇಟ್ಟುಕೊಂಡೆವು.